ಶರಣಪ್ಪನ ನಲವತ್ತೆಂಟು ಜಾಯಿಂಟು

ಗದಗಿನ ಶರಣಪ್ಪನಿಗೆ ಮದುವೆಯಾಗಿ ಹದಿನೇಳು ವರ್ಷ. ಈ ಹದಿನೇಳು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಕಳೆದ ದಿನಗಳನ್ನೆಲ್ಲ ಗುಡ್ಡೆ ಹಾಕಿದರೂ ಎರಡು ವರ್ಷ ತುಂಬುವುದಿಲ್ಲ. ಜಗಳವಾಡಿ ದೂರವಾದವರಲ್ಲ ಮತ್ತೆ. ಜಗಳವಾಡುವುದಕ್ಕಾದರೂ ಜೊತೆಗಿರಬೇಕಲ್ಲ. ಅವನು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಎಲೆಕ್ಟ್ರಿಕಲ್ ಮೇಸ್ತ್ರಿ. ಕಲ್ಕತ್ತಾದ ಕಸ್ಬಾದಲ್ಲಿರುವ ಇಲಾಖೆಯ ಕ್ವಾರ್ಟರ್ಸುಗಳಿಗೆ ದೀಪ, ಫ್ಯಾನು, ನೀರಿನ ಪಂಪು ನೋಡಿಕೊಳ್ಳುವವನು. ಹೆಂಡತಿ ಗೌರಿ ಗದಗಿನ ಪಕ್ಕದ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರು. ಇವನ ನೌಕರಿ ಅಲ್ಲಿಗೆ ಹೋಗಲೊಲ್ಲದು, ಅವಳ ನೌಕರಿ ಇಲ್ಲಿಗೆ ಬರಲೊಲ್ಲದು. ಇಬ್ಬರದೂ ಸರ್ಕಾರ, ಆದರೆ ಒಂದು ಸರ್ಕಾರಕ್ಕೆ ಇನ್ನೊಂದರ ಗುರುತೇ ಇಲ್ಲ.

ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಮೊದಲ ವಾರ ಒಬ್ಬರನ್ನೊಬ್ಬರು ನೋಡಿ ನಾಚುವುದರಲ್ಲಿ ಹೋಗುತ್ತಿತ್ತು. ಎರಡನೆಯ ವಾರಕ್ಕೆ ಅವನ ಚಪ್ಪಲಿಗೆ ಬಾಗಿಲ ಹತ್ತಿರ ಒಂದು ಜಾಗ ಸಿಗುತ್ತಿತ್ತು. ಮೂರನೆಯ ವಾರ ಸಂಸಾರ. ನಾಲ್ಕನೆಯ ವಾರ ಅವಳು ಚಕ್ಕುಲಿ ಕರಿದು ಡಬ್ಬಿಗೆ ತುಂಬಲು ಶುರು ಮಾಡಿದಳೆಂದರೆ ಶರಣಪ್ಪನಿಗೆ ಆ ಎಣ್ಣೆಯ ವಾಸನೆಯೇ ಆಗಿಬರುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷೆ ಮಾಡಿ ಯಾರಲ್ಲೂ ದೋಷವಿಲ್ಲ, ನೀವಿಬ್ಬರೂ ಒಂದು ಕಡೆ ಇರಿ, ಅದೇ ಔಷಧಿ ಎಂದಿದ್ದಳು. ಆ ಔಷಧಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳಿ.

ಹಾಗಿರುವಾಗ 2004ನೇ ಇಸವಿಯ ಮಾರ್ಚಿನಲ್ಲಿ ದೇವರು ಕಣ್ಣು ಬಿಟ್ಟ. ಇಲಾಖೆಯ ಹುಬ್ಬಳ್ಳಿ ಕಚೇರಿಯಲ್ಲಿ ಇವನದೇ ದರ್ಜೆಯ ತಪನ್ ಮಂಡಲ್ ಎಂಬ ಬಂಗಾಳಿಯೊಬ್ಬನಿದ್ದಾನೆಂದೂ, ಅವನು ಕಲ್ಕತ್ತಾಕ್ಕೆ ಬರಲು ತುದಿಗಾಲ ಮೇಲೆ ನಿಂತಿದ್ದಾನೆಂದೂ ತಿಳಿಯಿತು. ಇವನು ಅಲ್ಲಿಗೆ, ಅವನು ಇಲ್ಲಿಗೆ. ಇದಕ್ಕೆ ಮ್ಯೂಚುವಲ್ ಎನ್ನುತ್ತಾರೆ. ಜೂನಿನಲ್ಲಿ ಆದೇಶವೂ ಬಂತು: ಜುಲೈ ಮೂವತ್ತೊಂದರೊಳಗೆ ಇಬ್ಬರೂ ಬಿಡುಗಡೆಯಾಗಬೇಕು, ಯಾರಾದರೊಬ್ಬರು ತಪ್ಪಿದರೂ ಆದೇಶ ರದ್ದು. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಬಹುದು. ಬೆಳಿಗ್ಗೆ ಗೌರಿ ಕಟ್ಟಿಕೊಟ್ಟ ಬುತ್ತಿ, ಸಂಜೆ ಮನೆ. ಈ ಸಾಮಾನ್ಯ ಸಂಗತಿಯನ್ನು ನಲವತ್ತಾರು ವರ್ಷದ ಆ ಗಂಡಸು ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತಿದ್ದ.

ಆದರೆ ಅವನ ಮೇಲಧಿಕಾರಿ ಘೋಷಾಲ್ ಸಾಹೇಬರು ಒಂದು ಷರತ್ತು ಹಾಕಿದರು. ಮೂರು ಬ್ಲಾಕಿನ ವೈರಿಂಗ್ ಕೆಲಸ ಮುಗಿಸಿ, ಮುಗಿದಿದೆ ಎಂಬ ಸರ್ಟಿಫಿಕೇಟಿಗೆ ಸಹಿ ಹಾಕಿ, ಆಮೇಲೆ ಹೋಗಿ.

ಕೆಲಸ ಏನೆಂದರೆ, ಆ ಬ್ಲಾಕುಗಳು ಎಪ್ಪತ್ತರ ದಶಕದವು. ಆಗ ತಾಮ್ರ ದುಬಾರಿ, ಹಾಗಾಗಿ ಎಲ್ಲ ಕಡೆ ಅಲ್ಯೂಮಿನಿಯಂ ತಂತಿ. ಎರಡು ಫ್ಯಾನು ನಾಲ್ಕು ಬಲ್ಬಿನ ಕಾಲಕ್ಕೆ ಅದು ಸಾಕಾಗಿತ್ತು. ಈಗ ಸಾಲ್ಟ್ ಲೇಕಿನ ಸೆಕ್ಟರ್ ಐದರಲ್ಲಿ ಗಾಜಿನ ಕಟ್ಟಡಗಳೆದ್ದು, ಕ್ವಾರ್ಟರ್ಸಿನ ಹುಡುಗ ಹುಡುಗಿಯರೆಲ್ಲ ಕಂಪ್ಯೂಟರ್ ಕೆಲಸಕ್ಕೆ, ಕಾಲ್ ಸೆಂಟರಿಗೆ ಸೇರಿ, ಮನೆಮನೆಗೂ ಕಂಪ್ಯೂಟರು, ಗೀಸರು, ಏಸಿ ಬಂದಿದ್ದವು. ಆದ್ದರಿಂದ ಮನೆಗಳ ಒಳಗಿನ ತಂತಿಯನ್ನೆಲ್ಲ ತೆಗೆದು ತಾಮ್ರ ಎಳೆಯಬೇಕು. ಕೆಳಗಿನ ಮೀಟರ್ ಕೋಣೆಯಿಂದ ಪ್ರತಿ ಮನೆಯ ಬಾಗಿಲಿನ ತನಕ ಬರುವ ದಪ್ಪ ಅಲ್ಯೂಮಿನಿಯಂ ತಂತಿ ಮಾತ್ರ ಚೆನ್ನಾಗಿದೆ, ಅದು ಇರಲಿ ಎಂದು ತೀರ್ಮಾನವಾಗಿತ್ತು. ಅಂದರೆ ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಅಲ್ಯೂಮಿನಿಯಂ ಮತ್ತು ಹೊಸ ತಾಮ್ರ ಎರಡೂ ಕೂಡಬೇಕು. ಮನೆಗೆ ಎರಡು ಜಾಯಿಂಟು. ಇಪ್ಪತ್ತನಾಲ್ಕು ಮನೆ.

ಈ ಎರಡು ಲೋಹಗಳನ್ನು ನೇರವಾಗಿ ಹೆಣೆಯಬಾರದೆಂಬುದು ಶರಣಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಇಪ್ಪತ್ತು ವರ್ಷ ಇದನ್ನೇ ಉಂಡು ಇದನ್ನೇ ಉಟ್ಟವನು. ಅದಕ್ಕೆಂದೇ ಒಂದು ಕೊಳವೆ ಬರುತ್ತದೆ. ಅರ್ಧ ಅಲ್ಯೂಮಿನಿಯಂ, ಅರ್ಧ ತಾಮ್ರ, ನಡುವೆ ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಆ ತಂತಿ ಆ ಕಡೆ, ಈ ತಂತಿ ಈ ಕಡೆ ತೂರಿಸಿ ಒತ್ತಿದರೆ ಎರಡು ತಂತಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಏಪ್ರಿಲ್ಲಿನಲ್ಲೇ ಸ್ಟೋರಿಗೆ ಬರೆದಿದ್ದ. ಸ್ಟೋರಿನವರು ಸೆಪ್ಟೆಂಬರಿಗೆ ಬರಬಹುದು ಎಂದರು. ಸೆಪ್ಟೆಂಬರು! ಜುಲೈ ಮೂವತ್ತೊಂದರ ಆಚೆಗೆ ಅವನ ಕ್ಯಾಲೆಂಡರಿನಲ್ಲಿ ತಿಂಗಳೇ ಇರಲಿಲ್ಲ.

ಹಾಗಾಗಿ ಅಲ್ಯೂಮಿನಿಯಂ ಎಳೆಗಳಿಗೆ ತಾಮ್ರದ ತಂತಿಯನ್ನು ಹೆಣೆದು, ಇಕ್ಕಳದಿಂದ ಬಿಗಿದು, ಮೇಲೆ ಟೇಪು ಸುತ್ತಿ ಪೆಟ್ಟಿಗೆ ಮುಚ್ಚಿದ. ನಲವತ್ತೆಂಟನ್ನೂ ತಾನೇ ನಿಂತು ಬಿಗಿದ. ಬಿಗಿಯಾಗಿದೆ, ನಾಲ್ಕಾರು ವರ್ಷಕ್ಕೆ ಏನೂ ಆಗುವುದಿಲ್ಲ ಎಂದುಕೊಂಡ. ಮನಸ್ಸು ಊರಿಗೆ ಹೋಗಿಬಿಟ್ಟಿರುವಾಗ ಕೈ ಎಷ್ಟೆಂದು ತಡೆದೀತು. ಜುಲೈ ಹದಿನಾಲ್ಕಕ್ಕೆ ಸರ್ಟಿಫಿಕೇಟಿಗೆ ಸಹಿ ಹಾಕಿದ, ಇಪ್ಪತ್ತೊಂಬತ್ತಕ್ಕೆ ಹೌರಾದಿಂದ ಟಿಕೆಟ್ ತೆಗೆಸಿದ. ಗೌರಿ ಮನೆಗೆ ಸುಣ್ಣ ಹೊಡೆಸಿದಳು, ಅವನ ಅಂಗಿಗಳಿಗೆಂದು ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿದಳು.

ಜುಲೈ ಇಪ್ಪತ್ತೈದು, ಭಾನುವಾರ. ಎರಡನೆಯ ಬ್ಲಾಕಿನ ನಂಜುಂಡಪ್ಪನವರ ಮನೆಯಲ್ಲಿ ಶರಣಪ್ಪನಿಗೆ ಬೀಳ್ಕೊಡುಗೆಯ ಊಟ. ನಂಜುಂಡಪ್ಪ ಮೈಸೂರು ಕಡೆಯವರು, ಬಿಬಿಡಿ ಬಾಗಿನ ಹೆಡ್ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಅವರ ಹೆಂಡತಿ ಶ್ರೀವಿದ್ಯಾ ಹುಳಿಯನ್ನ, ಕೋಸಂಬರಿ, ಪಾಯಸ ಮಾಡಿದ್ದರು. ಮಗ ಪವನ ಒಳಕೋಣೆಯಲ್ಲಿ ಏಸಿ ಹಾಕಿಕೊಂಡು ಮಲಗಿದ್ದ. ಕಾಲ್ ಸೆಂಟರಿನ ರಾತ್ರಿ ಪಾಳಿ, ಹಗಲೇ ಅವನಿಗೆ ರಾತ್ರಿ.

ಎಲೆಗೆ ಕೂರುವ ಮುಂಚೆಯೇ ಶ್ರೀವಿದ್ಯಾ ಊದುಬತ್ತಿ ಹಚ್ಚಿ ಮೂಲೆ ಮೂಲೆಗೆ ಹಿಡಿಯುತ್ತಿದ್ದರು.

“ಬೇಜಾರು ಮಾಡ್ಕೋಬೇಡಿ ಶರಣಪ್ಪನೋರೇ,” ಎಂದರು ನಂಜುಂಡಪ್ಪ. “ಒಂದು ವಾರದಿಂದ ಮನೆ ತುಂಬ ಮೀನಿನ ವಾಸನೆ. ಕೆಳಗಡೆ ಮಿತ್ರಾ ಅವರ ಮನೇಲಿ ಇಲಿಶ್ ಮೀನು ಕರೀತಾರೆ, ಅದೆಲ್ಲ ನಮ್ಮನೆಗೇ ಹತ್ತುತ್ತೆ. ಇವಳು ನಿನ್ನೆ ಹೋಗಿ ಮಾತಾಡಿದ್ಲು.”

“ಜಗಳ ಆಡೋಕೆ ಹೋಗಿರಲಿಲ್ಲ,” ಎಂದರು ಶ್ರೀವಿದ್ಯಾ. “ಕಿಟಕಿ ಹಾಕ್ಕೊಂಡು ಕರೀರಿ ಬೌದಿ ಅಂತ, ಅವರ ಭಾಷೇಲೇ ಅತ್ತಿಗೆ ಅಂದು, ಮೆತ್ತಗೆ ಹೇಳ್ದೆ, ಅಷ್ಟೆ. ಅದಕ್ಕೆ ಆಯಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ಅತ್ತೆ ತೀರ್ಕೊಂಡು ಹತ್ತು ದಿನ ಆಗಿದೆಯಂತೆ, ಅಶೌಚ, ನಮ್ಮ ಸೂತಕದ ಹಾಗೆ. ಹತ್ತು ದಿನದಿಂದ ಮನೇಲಿ ಮೀನು ತಂದೇ ಇಲ್ಲ, ಬರೀ ಸಪ್ಪೆ ಹವಿಷ್ಯದನ್ನ ಅಂತಾಳೆ. ನನಗೆ ನಾಚಿಕೆಯಾಗಿ ಹೋಯ್ತು. ಮತ್ತೆ ಯಾರ ಮನೆ ಮೀನಪ್ಪ ಇದು ಅಂತ.”

ಶರಣಪ್ಪ ಕೈತೊಳೆಯಲು ಎದ್ದವನು ಹಾಗೇ ನಿಂತ. ಬಂಗಾಳದಲ್ಲಿ ಹದಿನೇಳು ವರ್ಷ ಇದ್ದವನಿಗೆ ಮೀನಿನ ವಾಸನೆ ಗೊತ್ತು. ಸಾಸಿವೆ ಎಣ್ಣೆ ಇಲ್ಲದ ಮೀನು ಕಲ್ಕತ್ತಾದಲ್ಲಿ ಇಲ್ಲ. ಈ ವಾಸನೆಯಲ್ಲಿ ಸಾಸಿವೆ ಇರಲಿಲ್ಲ.

“ಯಾವ ಹೊತ್ತಿನ್ಯಾಗ ಬರತೈತ್ರಿ ಅಕ್ಕಾರ ಇದು?” ಎಂದು ಕೇಳಿದ.

“ಮಧ್ಯಾಹ್ನದ ಹೊತ್ತೇ ಜಾಸ್ತಿ. ಪವನ ಮಲಗಿದಾಗ. ಸಂಜೆ ಅವನು ಎದ್ದ ಮೇಲೆ ಕಮ್ಮಿ ಆಗುತ್ತೆ.”

ಶರಣಪ್ಪ ಕುರ್ಚಿ ಎಳೆದು, ಹತ್ತಿ, ಬಾಗಿಲ ಮೇಲಿನ ಪೆಟ್ಟಿಗೆಯ ಹತ್ತಿರ ಅಂಗೈ ಹಿಂಬದಿ ಹಿಡಿದ. ಮುಚ್ಚಳ ಮುಟ್ಟುವಂತಿರಲಿಲ್ಲ, ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಪಾತ್ರೆಯ ಹಾಗಿತ್ತು.

“ಅಣ್ಣಾರ, ಮೀನಲ್ರಿ ಇದು. ಏಸಿ ಬಂದ್ ಮಾಡ್ರಿ ಮದಲ. ಪವನನ್ನ ಎಬ್ಬಸ್ರಿ.”

ಕೆಳಗೆ ಮೀಟರ್ ಕೋಣೆಗೆ ಓಡಿ ಆ ಮನೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬಂದ. ಟೆಸ್ಟ್ ಲ್ಯಾಂಪು ಹಿಡಿದು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಚ್ಚಳ ಬಿಚ್ಚಿದ. ಟೇಪು ಕರಗಿ ಬೆಲ್ಲದ ಪಾಕದಂತೆ ಅಂಟಿತ್ತು. ಅದನ್ನು ಸುಲಿದರೆ ಒಳಗೆ ಅಲ್ಯೂಮಿನಿಯಂ ಎಳೆಗಳ ಮೇಲೆ ಬಿಳಿ ಪುಡಿ. ಏಳು ಎಳೆಗಳಲ್ಲಿ ಎರಡು ತಿಂದುಹೋಗಿದ್ದವು. ತಾಮ್ರ ಕಪ್ಪಾಗಿತ್ತು. ಮುಚ್ಚಳದ ಒಳಬದಿ ಕಂದು ತಿರುಗಿತ್ತು. ಆ ಮುಚ್ಚಳದ ಬೇಕಲೈಟು, ಆ ತಂತಿಯ ಹೊದಿಕೆ ಕಾದು ಕಾದು ಬಿಡುತ್ತಿದ್ದ ವಾಸನೆಯೇ ಶ್ರೀವಿದ್ಯಾರ ಮೀನು.

“ಎಂಸಿಬಿ ಹಾಕಿದ್ರಲ್ಲ, ಅದು ಯಾಕೆ ಬೀಳಲಿಲ್ಲ?” ಎಂದು ನಂಜುಂಡಪ್ಪ ಕೇಳಿದರು.

“ಅದಕ್ಕ ಗೊತ್ತ ಆಗೂದಿಲ್ರಿ. ಕರೆಂಟ ಹೆಚ್ಚಿಗಿ ಹರದ್ರ ಅದು ಬೀಳತೈತಿ. ಇಲ್ಲಿ ಹರಿಯೂದು ಹರಿಯೂವಷ್ಟ ಐತಿ. ಜಾಯಿಂಟ್ ಒಂದ ಕೆಟ್ಟೈತಿ. ಅಲ್ಯೂಮಿನಿಯಂ ಮೆತ್ತಂದು, ಬಿಗದ್ರ ಸಾವಕಾಶ ಸರದು ಸಡಲ ಆಗತೈತಿ. ಕಾದಾಗ ತಾಮ್ರಕ್ಕಿಂತ ಹೆಚ್ಚ ಹಿಗ್ಗತೈತಿ, ಆರಿದಾಗ ಹೆಚ್ಚ ಕುಗ್ಗತೈತಿ. ಅದರ ಮೈಮ್ಯಾಲೆ ಒಂದು ತೆಳು ಪೊರಿ ಬರತೈತಿ, ಅದರಾಗ ಕರೆಂಟ ಸರಿಯಾಗಿ ಹಾಯೂದಿಲ್ಲ. ಮ್ಯಾಲೆ ಈ ಊರ ಮಳಿಗಾಲದ ಹಸಿ. ಎರಡೂ ಲೋಹ ಹಸ್ಯಾಗ ಕೂಡಿದ್ರ ತಾಮ್ರ ಕುಂತು ಅಲ್ಯೂಮಿನಿಯಮ್ನ ತಿಂತೈತಿ. ತಿಂದಷ್ಟೂ ಬಿಸಿ, ಬಿಸಿ ಆದಷ್ಟೂ ಸಡಲು.”

“ಯಾರು ಮಾಡಿದ್ದು ಇದನ್ನ?”

“ನಾನ.”

ನಂಜುಂಡಪ್ಪ ತಿರುಗಿ ಒಳಕೋಣೆಯ ಬಾಗಿಲ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಪಂಪ್‌ಹೌಸಿನ ಹಳೆಯ ಕೆಲಸದಲ್ಲಿ ಉಳಿದಿದ್ದ ಎರಡು ಕೊಳವೆಗಳು ಅವನ ಶೆಡ್ಡಿನಲ್ಲಿದ್ದವು. ಅಳತೆ ಸರಿಹೋದವು. ತಂದ. ಸುಟ್ಟ ತುದಿಯನ್ನು ಹೊಳೆಯುವ ಲೋಹ ಕಾಣುವ ತನಕ ಕತ್ತರಿಸಿ, ಎಳೆಗಳಿಗೆ ಗಾಯವಾಗದಂತೆ ಹೊದಿಕೆ ಸುಲಿದು, ಮೊದಲು ಪೇಸ್ಟು ಬಳಿದು ಆ ಪೇಸ್ಟಿನ ಒಳಗೇ ಬ್ರಷ್ಷಿನಿಂದ ಉಜ್ಜಿದ. ಬರೀ ಗಾಳಿಯಲ್ಲಿ ಉಜ್ಜಿದರೆ ಕ್ಷಣದಲ್ಲೇ ಪೊರೆ ಮತ್ತೆ ಕಟ್ಟುತ್ತದೆ. ಅಲ್ಯೂಮಿನಿಯಂ ಅದರ ಕಡೆ, ತಾಮ್ರ ಅದರ ಕಡೆ, ತಕ್ಕ ಅಚ್ಚು ಹಾಕಿ ಇಕ್ಕಳದಿಂದ ಒತ್ತಿದ. ಎಳೆದು ನೋಡಿದ. ಮೇಲೆ ಹೊದಿಕೆ ಹಾಕಿ, ಪೆಟ್ಟಿಗೆಗೆ ಹೊಸ ಮುಚ್ಚಳ ಹಾಕಿ, ಕರೆಂಟು ಕೊಟ್ಟು, ಎರಡು ತಾಸು ಏಸಿ ಓಡಿಸಿ ಮತ್ತೆ ಮುಟ್ಟಿದ. ತಣ್ಣಗಿತ್ತು. ಊಟಕ್ಕೆ ಕೂತಾಗ ನಾಲ್ಕು ಗಂಟೆ. ಶ್ರೀವಿದ್ಯಾ ಬಡಿಸಿದ ಪಾಯಸವನ್ನು ಹಾಗೇ ಬಿಟ್ಟು ಎದ್ದ.

ಮನೆಗೆ ಹೋಗಿ ಕಟ್ಟಿಟ್ಟಿದ್ದ ಟ್ರಂಕಿನ ಮೇಲೆ ಕೂತ. ಇದು ಏಸಿ ದಿನವಿಡೀ ಓಡುವ ಮನೆ, ಅದಕ್ಕೇ ಇಷ್ಟು ಬೇಗ ಕೆಟ್ಟಿತು, ಉಳಿದವಕ್ಕೆ ಏನೂ ಆಗಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ತನಗೆ ತಾನು ಹೇಳಿಕೊಂಡ ಸುಳ್ಳನ್ನು ನಂಬುವುದು ಅವನಿಂದ ಯಾವಾಗಲೂ ಆಗುತ್ತಿರಲಿಲ್ಲ. ಆಗಿದ್ದರೆ ಬದುಕು ಇನ್ನಷ್ಟು ಸಲೀಸಾಗಿರುತ್ತಿತ್ತು. ಸೋಮವಾರ ಬೆಳಿಗ್ಗೆ ಆರು ಮನೆ ತೆರೆಸಿ ನೋಡಿದ. ನಾಲ್ಕರಲ್ಲಿ ತಣ್ಣಗೆ. ಒಂದರಲ್ಲಿ ಬೆಚ್ಚಗೆ. ಒಂದರಲ್ಲಿ ಟೇಪು ಆಗಲೇ ಮೆತ್ತಗಾಗಿತ್ತು, ಆ ಪೆಟ್ಟಿಗೆಯ ಕೆಳಗೇ ತೊಟ್ಟಿಲು ಕಟ್ಟಿದ್ದರು.

ಘೋಷಾಲ್ ಸಾಹೇಬರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಸಾಹೇಬರು ಕೆಟ್ಟವರಲ್ಲ. ಚಹಾ ತರಿಸಿದರು, ಬಾಗಿಲು ಹಾಕಿಸಿದರು, ಹಿಂದಿಯಲ್ಲಿ ಮೆಲ್ಲಗೆ ಮಾತಾಡಿದರು.

“ನೋಡಿ ಶರಣಪ್ಪ, ನೀವು ನನಗೆ ಏನೂ ಹೇಳಿಲ್ಲ, ನಾನೂ ಏನೂ ಕೇಳಿಲ್ಲ. ಗುರುವಾರ ರೈಲು ಹತ್ತಿ. ಸೆಪ್ಟೆಂಬರಿಗೆ ಸಾಮಾನು ಬಂದ ಮೇಲೆ ಮಂಡಲ್ ಕೈಲಿ ಎಲ್ಲ ಬದಲಾಯಿಸುತ್ತೇನೆ.”

“ಅಲ್ಲಿ ತನಕ, ಸಾಹೇಬ್ರೇ?”

“ಇಷ್ಟು ದಿನ ಏನೂ ಆಗಿಲ್ಲವಲ್ಲ.”

“ರಿಜಿಸ್ಟರಿನಲ್ಲಿ ಬರೆದು ಹೋಗಲೇ? ಏಸಿ ಗೀಸರು ಹಾಕಬೇಡಿ ಅಂತ ಮನೆಮನೆಗೆ ಹೇಳಬೇಕಲ್ಲ.”

“ಬರೆದರೆ ನಿಮ್ಮ ಸರ್ಟಿಫಿಕೇಟು ಸುಳ್ಳಾಗುತ್ತದೆ. ವಿಚಾರಣೆ ಆಗುತ್ತದೆ. ವಿಚಾರಣೆ ಇರುವವನನ್ನು ಬಿಡುಗಡೆ ಮಾಡೋ ಅಧಿಕಾರ ನನಗಿಲ್ಲ. ಮಂಡಲ್ ನಿಮಗಾಗಿ ಕಾಯುತ್ತಾನಾ? ಹದಿನೇಳು ವರ್ಷ, ಶರಣಪ್ಪ. ಯೋಚನೆ ಮಾಡಿ.”

ಶರಣಪ್ಪ ಹೊರಗೆ ಬಂದು ಕಾಲು ನಡೆಸಿದ ಕಡೆ ನಡೆದ. ಎಜ್ರಾ ಸ್ಟ್ರೀಟಿನ ಎಲೆಕ್ಟ್ರಿಕ್ ಸಾಮಾನಿನ ಗಲ್ಲಿಗೆ ಬಂದು ನಿಂತಿದ್ದ. ಅಂಗಡಿ ಅಂಗಡಿ ಕೇಳಿದ. ಆ ಅಳತೆಯ ಕೊಳವೆ ಒಂದೇ ಅಂಗಡಿಯಲ್ಲಿತ್ತು, ಅದೂ ಹನ್ನೆರಡು. ಉಳಿದದ್ದು ತರಿಸಬೇಕು, ಹತ್ತು ದಿನವಾದರೂ ಆಗುತ್ತದೆ ಎಂದ ಅಂಗಡಿಯವನು. ಹನ್ನೆರಡಕ್ಕೆ ಆರು ಮನೆ. ಗುಟ್ಟಾಗಿ ಎಲ್ಲವನ್ನೂ ಸರಿಮಾಡಿ ಓಡಿಹೋಗುವ ದಾರಿಯೂ ಅಲ್ಲಿಗೆ ಮುಚ್ಚಿತು.

ಅಂದು ಸಂಜೆ ಕಸ್ಬಾದ ಎಸ್‌ಟಿಡಿ ಬೂತಿನಿಂದ ಗೌರಿಗೆ ಫೋನು ಮಾಡಿದ. ಹೇಳಬೇಕಾದ ಮಾತು ಬಾಯಿಗೆ ಬರುವ ಮುಂಚೆ ಅವಳೇ ಶುರು ಮಾಡಿದಳು.

“ಶನಿವಾರ ಅರ್ಧಾ ದಿನ ರಜಾ ಹಾಕೇನಿ. ರೈಲಿನ್ಯಾಗ ಏನೂ ತಿನಬ್ಯಾಡ್ರಿ, ರೊಟ್ಟಿ ಮಾಡಿ ಇಟ್ಟಿರತೇನಿ. ಬದನಿಕಾಯಿ ಎಣಗಾಯಿ ಮಾಡ್ಲ್ಯೋ, ಹೆಸರಕಾಳ ಮಾಡ್ಲ್ಯೋ?”

“ಗೌರಿ, ಒಂದ ಮಾತ ಐತಿ.”

ಹೇಳಿದ. ಎಲ್ಲ ಹೇಳಿದ. ತಾನು ಗೊತ್ತಿದ್ದೂ ಮಾಡಿದ್ದು, ಯಾಕೆ ಅವಸರ ಮಾಡಿದ್ದು, ಮೀನಿನ ವಾಸನೆ, ತೊಟ್ಟಿಲು, ಸಾಹೇಬರ ಮಾತು. ಬೂತಿನ ಮೀಟರು ಓಡುತ್ತಲೇ ಇತ್ತು.

“ಎಷ್ಟು ಮನಿ?” ಎಂದಳು ಕೊನೆಗೆ.

“ಇಪ್ಪತ್ನಾಕು.”

“ಸಣ್ಣ ಮಕ್ಕಳು ಅದಾವೇನು ಅದರಾಗ?”

“ಅದಾವ.”

“ಹಂಗಾರ ನನ್ನ ಯಾಕ ಕೇಳಾಕತ್ತೀರಿ?”

“ನೀ ಏನ ಅಂತಿ ಅಂತ.”

“ನಾ ಏನರ ಅನಲಿ? ಬರ್ರಿ ಅಂದ್ರ ನಾ ಕೆಟ್ಟಾಕಿ ಆಗತೇನಿ. ಬರಬ್ಯಾಡ್ರಿ ಅಂತ ನನ್ನ ಬಾಯಿಲೆ ಹೇಳಸಬ್ಯಾಡ್ರಿ. ಹದಿನೇಳು ವರ್ಷ ನಾ ಅದನ್ನ ಒಂದ ಮಾತ ಅಂದಿಲ್ಲ. ಈಗೂ ಅನ್ನೂದಿಲ್ಲ. ನಿಮ್ಮ ಕೈಲೆ ಮಾಡೀರಿ, ನಿಮ್ಮ ಕೈಲೆ ಬಿಚ್ಚರಿ, ಇಲ್ಲ ಬಿಡ್ರಿ.”

ಫೋನು ಇಟ್ಟಳು. ಅವಳು ತಾನಾಗಿ ಮೊದಲು ಫೋನಿಟ್ಟದ್ದು ಅದೇ ಮೊದಲು.

ಮಂಗಳವಾರ ಬೆಳಿಗ್ಗೆ ಶರಣಪ್ಪ ರಿಜಿಸ್ಟರಿನಲ್ಲಿ ಬರೆದ: ಮೂರು ಬ್ಲಾಕುಗಳಲ್ಲಿ ಅಲ್ಯೂಮಿನಿಯಂ ಮತ್ತು ತಾಮ್ರವನ್ನು ನಾನು ನೇರವಾಗಿ ಹೆಣೆದಿದ್ದೇನೆ, ಅದು ತಪ್ಪು, ನನ್ನ ಸರ್ಟಿಫಿಕೇಟನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅಕ್ಷರ ಗುಂಡಗಿತ್ತು. ಗೌರಿಗೆ ಬರೆಯುವ ಕಾಗದದ ಅಕ್ಷರವೇ. ಘೋಷಾಲ್ ಸಾಹೇಬರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಬಿಡುಗಡೆಯ ಆದೇಶವನ್ನು ಫೈಲಿನಿಂದ ಎತ್ತಿ ಡ್ರಾಯರಿಗೆ ಹಾಕಿದರು.

ಆಮೇಲೆ ಕೆಲಸ. ಇಪ್ಪತ್ತಮೂರು ಮನೆಗಳ ದೊಡ್ಡ ಎಂಸಿಬಿ ತೆಗೆದು ಸಣ್ಣದು ಹಾಕಿದ; ದೀಪ, ಫ್ಯಾನು, ಟಿವಿ ನಡೆಯುತ್ತದೆ, ಏಸಿ ಗೀಸರು ಹಾಕಿದರೆ ಬಿದ್ದುಹೋಗುತ್ತದೆ, ಜಾಯಿಂಟಿನ ಮೇಲೆ ಭಾರ ಬೀಳುವುದಿಲ್ಲ. ಎಜ್ರಾ ಸ್ಟ್ರೀಟಿನ ಹನ್ನೆರಡು ಕೊಳವೆ ತಂದು, ಉಳಿದದ್ದನ್ನು ತರಿಸಲು ಹೇಳಿ, ತೀರಾ ಕೆಟ್ಟವನ್ನು ಮೊದಲು ಹಿಡಿದ. ಮನೆಮನೆಗೆ ಹೋಗಿ ಹೇಳಿದಾಗ ಬೈಗುಳವೂ ಸಿಕ್ಕಿತು. ಬಂಗಾಳಿಯಲ್ಲಿ ಬೈದರು, ಹಿಂದಿಯಲ್ಲಿ ಬೈದರು, ಆಂಧ್ರದವರೊಬ್ಬರು ಇಂಗ್ಲಿಷಿನಲ್ಲಿ ಬೈದರು. ಪಾಪ, ಅವರದೇನು ತಪ್ಪು, ಮಳೆಗಾಲದ ಸೆಕೆ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ನಂಜುಂಡಪ್ಪ ಮಾತ್ರ ಒಂದು ಸಂಜೆ ಹುಳಿಯನ್ನದ ಡಬ್ಬಿ ಹಿಡಿದು ಬಂದು ಏಣಿಯ ಕೆಳಗೆ ನಿಂತು, “ನಮ್ಮ ಹುಡುಗ ಆವತ್ತು ಆ ಬಾಗಿಲ ಒಳಗೇ ಮಲಗಿದ್ದ ಶರಣಪ್ಪನೋರೇ,” ಎಂದರು. ಬೈಯಲು ಬಂದದ್ದೋ ನಮಸ್ಕಾರ ಹೇಳಲು ಬಂದದ್ದೋ, ಅವರಿಗೇ ಗೊತ್ತಿರಲಿಲ್ಲ. ಡಬ್ಬಿ ಕೊಟ್ಟು ಹೋದರು.

ಇಪ್ಪತ್ತೊಂಬತ್ತರ ಗುರುವಾರ ರೈಲು ಹೌರಾ ಬಿಡುವ ಹೊತ್ತಿಗೆ ಶರಣಪ್ಪ ಮೂರನೆಯ ಬ್ಲಾಕಿನಲ್ಲಿ ತೊಟ್ಟಿಲಿನ ಮನೆಯ ಏಣಿಯ ಮೇಲಿದ್ದ. ಗಡಿಯಾರ ನೋಡಬಾರದೆಂದು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ಆದರೂ ಈಗ ಬಿಟ್ಟಿತು, ಈಗ ಖರಗ್‌ಪುರ ದಾಟಿತು ಎಂದು ಮನಸ್ಸು ತಾನೇ ಸ್ಟೇಷನ್ನು ಎಣಿಸುತ್ತಿತ್ತು. ಮರುದಿನವೆಲ್ಲ ಅದು ಆಂಧ್ರದಲ್ಲಿತ್ತು. ಶನಿವಾರ ಬೆಳಿಗ್ಗೆ ಬಳ್ಳಾರಿ, ಕೊಪ್ಪಳ. ಗದಗು ಬರುವ ಹೊತ್ತಿಗೆ ಏಣಿಯ ಮೇಲೆಯೇ ಇಕ್ಕಳ ಪಕ್ಕಕ್ಕಿಟ್ಟ. ಇಳಿದು ಒಂದು ಲೋಟ ನೀರು ಕುಡಿದು ಮತ್ತೆ ಹತ್ತಿದ.

ಮ್ಯೂಚುವಲ್ ರದ್ದಾಯಿತು. ತಪನ್ ಮಂಡಲ್‌ಗೆ ದುರ್ಗಾಪುರದ ಕಡೆಯ ಇನ್ನೊಬ್ಬ ಸಿಕ್ಕನಂತೆ. ಶರಣಪ್ಪನ ಒಂದು ಇಂಕ್ರಿಮೆಂಟು ನಿಂತಿತು, ವಿಚಾರಣೆ ಅಷ್ಟಕ್ಕೇ ಮುಗಿಯಿತು. ಅವನು ಭಾನುವಾರಕ್ಕೊಮ್ಮೆ ಗೌರಿಗೆ ಫೋನು ಮಾಡುತ್ತಿದ್ದ. ಉಂಡ್ರೇನು ಎಂದು ಕೇಳುತ್ತಿದ್ದಳು, ಹೂಂ ಎನ್ನುತ್ತಿದ್ದ, ಇಡತೇನಿ ಎನ್ನುತ್ತಿದ್ದಳು. ಅಷ್ಟೇ. ಮೂರು ಭಾನುವಾರ ಹಾಗೇ ಹೋದವು. ಅವಳ ದನಿ ಇಷ್ಟು ಹತ್ತಿರ ಕೇಳುತ್ತಿದ್ದೂ ಇಷ್ಟು ದೂರವಿದ್ದದ್ದು ಅವನಿಗೆ ಹದಿನೇಳು ವರ್ಷದಲ್ಲಿ ಎಂದೂ ಅನುಭವಕ್ಕೆ ಬಂದಿರಲಿಲ್ಲ. ರಾತ್ರಿ ಉಣ್ಣುವಾಗ ಎದುರಿನ ಗೋಡೆಗೇ ಅವಳ ಹೆಸರು ಹಿಡಿದು ಕರೆದುಬಿಡಬೇಕೆನ್ನಿಸುತ್ತಿತ್ತು.

ಆಗಸ್ಟ್ ಇಪ್ಪತ್ತೊಂದು, ಶನಿವಾರ ನಲವತ್ತೆಂಟನೆಯ ಜಾಯಿಂಟು ಮುಗಿಯಿತು. ಎಲ್ಲ ಮನೆಗಳಲ್ಲೂ ಏಸಿ ಗೀಸರು ಒಟ್ಟಿಗೇ ಹಾಕಿಸಿ, ಎರಡೆರಡು ತಾಸು ಬಿಟ್ಟು, ಒಂದೊಂದು ಪೆಟ್ಟಿಗೆಯನ್ನೂ ಮುಟ್ಟಿ ನೋಡಿದ. ಪೆಟ್ಟಿಗೆಗಳ ಮೇಲೆ ಸುಣ್ಣ ಬಳಿದು ಮುಚ್ಚಬಾರದು, ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು ಎಂದು ರಿಜಿಸ್ಟರಿನಲ್ಲಿ ಬರೆದ. ಭಾನುವಾರ ಸಂಜೆ ಬೂತಿಗೆ ಹೋದ.

“ಮುಗೀತು, ಗೌರಿ,” ಎಂದ.

“ಎಲ್ಲಾ ತಣ್ಣಗ ಅದಾವೇನು?”

“ಅದಾವ.”

“ತೊಟ್ಟಲ ಇದ್ದ ಮನಿ?”

“ಅದನ್ನ ಮದಲ ಮಾಡಿದ್ನಿ.”

ಇಡತೇನಿ ಎನ್ನುತ್ತಾಳೆಂದು ಅವನು ಕಾದ. ಅನ್ನಲಿಲ್ಲ.

“ಆ ಶನಿವಾರ ನಾ ಸ್ಟೇಷನ್ನಿಗೆ ಹೋಗಿದ್ನಿ,” ಎಂದಳು.

“ಯಾಕ? ನಾ ಬರೂದಿಲ್ಲ ಅಂತ ಗೊತ್ತಿತ್ತಲ್ಲ ನಿನಗ.”

“ಗೊತ್ತಿತ್ತು. ರಜಾ ಹಾಕಿದ್ನಿ. ಮನ್ಯಾಗ ಕುಂದ್ರಾಕ ಆಗಲಿಲ್ಲ. ರೈಲು ಟೈಮಿಗೆ ಸರಿಯಾಗಿ ಬಂತು. ನಿಮ್ಮ ಡಬ್ಬಿ ಯಾವುದಂತ ಟಿಕೆಟಿನ ನಂಬರ್ ಹೇಳಿದ್ರಲ್ಲ, ಅದರ ಮುಂದ ನಿಂತಿದ್ನಿ. ನಾಕು ಮಂದಿ ಇಳದ್ರು. ಎಲ್ಲಾರೂ ಇಳದು ಹ್ವಾದ ಮ್ಯಾಲೆ ಒಳಗ ಹತ್ತಿ ನಿಮ್ಮ ಸೀಟ್ ನೋಡಿ ಬಂದ್ನಿ. ಯಾರೋ ಒಂದು ಮುದಕಿ ಕುಂತಿತ್ತು.”

ಬೂತಿನ ಗಾಜಿನಾಚೆ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ. ಗೌರಿ ಫೋನು ಇಡಲಿಲ್ಲ, ಅವನೂ ಇಡಲಿಲ್ಲ.

“ರೊಟ್ಟಿ ಏನ ಮಾಡಿದಿ?” ಎಂದ ಕೊನೆಗೆ.

“ಮಾಡಿ ತೊಗೊಂಡ ಹೋಗಿದ್ನಿ,” ಎಂದಳು. “ಆ ಮುದಕಿಗೆ ಕೊಟ್ನಿ.”